ಬಾಡಿಗೆಯ ಬ್ಯಾಂಕ್ ಖಾತೆ ಬದಲಾದಾಗ: ಸುದ್ದಿ ಒಂದು ದಾರಿಯಲ್ಲಿ, ಖಾತ್ರಿ ಇನ್ನೊಂದು ದಾರಿಯಲ್ಲಿ

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ತಾಯಿಯ ಹೆಸರಿನಲ್ಲಿ ಒಂದು ಕಟ್ಟಡ ಇದೆ. ಆರು ಮನೆ, ಎರಡು ಅಂಗಡಿ. ಇಲ್ಲಿಯವರೆಗೆ ಬಾಡಿಗೆ ಅಪ್ಪಾಜಿಯ ಅಕೌಂಟಿಗೆ ಬರುತ್ತಿತ್ತು. ಇನ್ನು ಮುಂದೆ ತಾಯಿಯ ಅಕೌಂಟಿಗೇ ಹಾಕಿಸಿಕೊಳ್ಳಿ ಎಂದು ಆಡಿಟರ್ ಹೇಳಿದ್ದಾರೆ. ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿದರೆ ಸಾಲದೇ? ಒಬ್ಬ ಬಾಡಿಗೆದಾರರು "ಇದನ್ನ ನೀವ ಕಳಿಸೀರಿ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ: ಗ್ರೂಪ್ ಮೆಸೇಜ್ ಸಾಲದು. ಹಾಗೆ ಕೇಳಿದ ಬಾಡಿಗೆದಾರರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಎಂಟು ಜನರಲ್ಲಿ ಉಳಿದ ಏಳು ಮಂದಿಯೂ ಹಾಗೇ ಕೇಳಬೇಕು. ಅವರು ಕೇಳುವಂತೆ ನೀವೇ ಏರ್ಪಾಡು ಮಾಡಬೇಕು.

ಬ್ಯಾಂಕಿನಲ್ಲಿದ್ದಾಗ ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಗೋಕುಲ ರಸ್ತೆಯ ಕಡೆ ಒಬ್ಬ ಮಾಲೀಕರು ತಿಂಗಳ ಕೊನೆಗೆ ಗ್ರೂಪ್‌ನಲ್ಲಿ ಹೊಸ ಅಕೌಂಟ್ ನಂಬರ್ ಹಾಕಿದರು. ಅದು ನಿಜವಾದ ಮೆಸೇಜು, ನಂಬರೂ ಸರಿಯಾಗಿಯೇ ಇತ್ತು. ನಾಲ್ಕೈದು ದಿನ ಕಳೆದ ಮೇಲೆ ಕೆಳಗಿನ ಮಳಿಗೆಯ ಟೇಲರ್‌ಗೆ ಬೇರೆ ನಂಬರಿನಿಂದ ಒಂದು ಮೆಸೇಜ್ ಬಂತು. ಡಿಪಿಯಲ್ಲಿ ಮಾಲೀಕರ ಫೋಟೋ ಇತ್ತು. "ಆ ಅಕೌಂಟ್ ಇನ್ನೂ ಚಾಲೂ ಆಗಿಲ್ಲ, ಈ ತಿಂಗಳು ಮಾತ್ರ ನಮ್ಮ ಅಳಿಯನ ಅಕೌಂಟಿಗೆ ಹಾಕ್ರಿ" ಎಂದು ಬರೆದಿತ್ತು. ಟೇಲರ್ 11,000 ರೂಪಾಯಿ ಹಾಕಿದರು. ಹಣ ಹಾಕುವಾಗ ಪರದೆಯ ಮೇಲೆ ಗುರುತಿಲ್ಲದ ಹೆಸರು ಕಂಡಿತ್ತು. ಅಳಿಯನದೇ ಇರಬೇಕು ಎಂದುಕೊಂಡರು. ಹತ್ತನೇ ತಾರೀಖಿಗೆ ಮಾಲೀಕರು "ಬಾಡಿಗೆ ಬಂದಿಲ್ಲಲ್ಲ?" ಎಂದಾಗಲೇ ವಿಷಯ ಹೊರಬಿತ್ತು. ಅಷ್ಟು ಹೊತ್ತಿಗೆ ಆ ಅಕೌಂಟ್ ಖಾಲಿ.

ಇಲ್ಲಿ ಮೋಸಗಾರ ಹೊಸ ಕಥೆ ಕಟ್ಟಲೇ ಇಲ್ಲ. ಮಾಲೀಕರು ಶುರು ಮಾಡಿದ ಮಾತನ್ನೇ ಮುಂದುವರಿಸಿದ. ಏನೂ ಇಲ್ಲದ ದಿನ ಯಾರಾದರೂ "ಬಾಡಿಗೆ ಬೇರೆ ಅಕೌಂಟಿಗೆ ಹಾಕಿ" ಎಂದರೆ ಜನ ಅನುಮಾನ ಪಡುತ್ತಾರೆ. ಅಕೌಂಟ್ ಬದಲಾಗುತ್ತಿದೆ ಎಂದು ಗೊತ್ತಿರುವಾಗ "ಸಣ್ಣ ತಿದ್ದುಪಡಿ" ಎಂದು ಬಂದರೆ ಸುಮ್ನೆ ಒಪ್ಪಿಬಿಡುತ್ತಾರೆ. ನೀವು ನಿಜವಾದ ನೋಟಿಸ್ ಕೊಟ್ಟ ನಂತರದ ಎರಡು ಮೂರು ವಾರಗಳೇ ಹೆಚ್ಚು ಅಪಾಯದ ದಿನಗಳು. ಹೀಗಾಗಿ ನೋಟಿಸ್ ಹೊಸ ನಂಬರನ್ನು ತಿಳಿಸಿದರೆ ಸಾಲದು, ಅದರ ಹಿಂದೆ ಬರಬಹುದಾದ ಸುಳ್ಳು ತಿದ್ದುಪಡಿಗೂ ಈಗಲೇ ಬಾಗಿಲು ಹಾಕಬೇಕು.

ಇದಕ್ಕೆ ಮುಖ್ಯವಾದ ನಿಯಮ ಒಂದೇ. ಸುದ್ದಿ ಯಾವ ದಾರಿಯಲ್ಲಿ ಬಂತೋ, ಖಾತ್ರಿಯನ್ನು ಅದೇ ದಾರಿಯಲ್ಲಿ ಮಾಡಿಕೊಳ್ಳಬಾರದು. ವಾಟ್ಸಾಪ್‌ನಲ್ಲಿ ಬಂದ ಮೆಸೇಜಿಗೆ ವಾಟ್ಸಾಪ್‌ನಲ್ಲೇ "ನೀವೇನಾ?" ಎಂದು ಕೇಳಿದರೆ, ಮೋಸಗಾರ "ಹೌದು" ಎನ್ನದೆ ಇನ್ನೇನು ಅಂದಾನು? ನೋಟಿಸಿನ ಕೆಳಗೆ ಬರೆದಿರುವ ನಂಬರಿಗೇ ಫೋನ್ ಮಾಡಿ ವಿಚಾರಿಸಿದರೂ ಅದೇ ಕಥೆ. ನಕಲಿ ನೋಟಿಸ್ ಮಾಡಿದವನು ನಕಲಿ ನಂಬರನ್ನೂ ಬರೆದಿರುತ್ತಾನೆ. ಅದಕ್ಕೇ ನಿಮ್ಮ ನೋಟಿಸಿನಲ್ಲಿ ಫೋನ್ ನಂಬರ್ ಹಾಕಲೇಬೇಡಿ. "ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನಮ್ಮ ನಂಬರಿಗೆ, ಇಲ್ಲವೇ ಬಾಡಿಗೆ ಕರಾರು ಪತ್ರದಲ್ಲಿರುವ ನಂಬರಿಗೆ ಕರೆ ಮಾಡಿ" ಎಂದು ಬರೆಯಿರಿ. ಓದಿದವರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆದರೆ ಇಡೀ ನೋಟಿಸಿನಲ್ಲಿ ಹೆಚ್ಚು ಕೆಲಸಕ್ಕೆ ಬರುವ ಸಾಲು ಅದೇ.

ಆ ಕರೆ ಸಾದಾ ಫೋನ್ ಕರೆಯಾಗಿರಲಿ, ವಾಟ್ಸಾಪ್ ಕರೆ ಬೇಡ. ಇದಕ್ಕೊಂದು ಕಾರಣವಿದೆ. ನಿಮ್ಮ ತಂದೆಗೆ ಯಾರೋ ಫೋನ್ ಮಾಡಿ, ಆರಂಕಿಯ ಒಂದು ಕೋಡನ್ನು ಮಾತಿನಲ್ಲಿ ಮರುಳು ಮಾಡಿ ಪಡೆದರೆ ಅವರ ವಾಟ್ಸಾಪ್ ಬೇರೆಯವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಆಗ ಅದೇ ಹೆಸರು, ಅದೇ ನಂಬರಿನಿಂದ ಮೆಸೇಜ್ ಹೋಗುತ್ತದೆ. ವಾಟ್ಸಾಪ್ ಕರೆ ಮಾಡಿದರೂ ಅದು ಅವನಿಗೇ ಮುಟ್ಟುತ್ತದೆ. ಸಾದಾ ಕರೆ ಮಾತ್ರ ಸಿಮ್ ಇರುವ ಫೋನಿಗೆ, ಅಂದರೆ ನಿಮ್ಮ ತಂದೆಯ ಕೈಗೇ ಬರುತ್ತದೆ. ಸಿಮ್ಮನ್ನೇ ನಕಲು ಮಾಡಿಸಿದ್ದರೆ ಅದೂ ನಡೆಯುವುದಿಲ್ಲ. ಅಂಥ ಹೊತ್ತಿನಲ್ಲಿ ಪರಿಚಯದ ದನಿಯೇ ಗತಿ. ಈ ವಾರವೇ ಮನೆಯವರೆಲ್ಲರ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಡಿ. ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ.

ಇನ್ನು ನೋಟಿಸ್ ಕೊಡುವ ರೀತಿ. ಕಾಗದದ ಮೇಲೆ ಮುದ್ರಿಸಿ, ಸಹಿ ಮಾಡಿ, ಒಬ್ಬೊಬ್ಬರ ಕೈಗೆ ಕೊಡಿ. ಇರುವುದು ಎಂಟೇ ಬಾಗಿಲು, ಒಂದು ಸಂಜೆಯ ಕೆಲಸ. ಗೇಟಿಗೆ, ಮೆಟ್ಟಿಲ ಗೋಡೆಗೆ ಅಂಟಿಸಬೇಡಿ. ಅಂಟಿಸಿದ ಹಾಳೆಯ ಮೇಲೆ ಇನ್ನೊಂದು ಹಾಳೆ ಅಂಟಿಸುವುದು ಯಾರಿಗೂ ಕಷ್ಟವಲ್ಲ. ಕ್ಯೂಆರ್ ಕೋಡ್ ಆದರಂತೂ ಮೇಲೆ ಒಂದು ಸ್ಟಿಕ್ಕರ್ ಬಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಗ್ರೂಪ್‌ನಲ್ಲಿ ಹಾಕುವುದಾದರೆ ಇಷ್ಟೇ ಹಾಕಿ: "ಮುಂದಿನ ತಿಂಗಳಿಂದ ಬಾಡಿಗೆ ಅಕೌಂಟ್ ಬದಲಾಗುತ್ತದೆ. ನಂಬರನ್ನು ಇಲ್ಲಿ ಹಾಕುವುದಿಲ್ಲ. ನಾವೇ ಬಂದು ಕಾಗದ ಕೊಡುತ್ತೇವೆ."

ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಡುವ ರೂಢಿ ನಮ್ಮ ಕಡೆ ಜಾಸ್ತಿ. ಅದು ಬೇಡ. ಅದರಲ್ಲಿ ವಿಳಾಸ, ಗ್ರಾಹಕ ಸಂಖ್ಯೆ ಎಲ್ಲ ಇರುತ್ತದೆ. ಸಹಿ ಇರುವ ಚೆಕ್‌ನ ಫೋಟೋವನ್ನಂತೂ ಕೊಡಲೇಬಾರದು. ಹಣ ಹಾಕುವವರಿಗೆ ಬೇಕಾದ್ದು ಹೆಸರು, ಬ್ಯಾಂಕು, ಶಾಖೆ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮಾತ್ರ.

ಕೊಡುವ ದಿನವನ್ನೂ ಯೋಚಿಸಿ ಇಟ್ಟುಕೊಳ್ಳಿ. ನಿಮ್ಮಲ್ಲಿ ಬಾಡಿಗೆ ಐದನೇ ತಾರೀಖಿನೊಳಗೆ ಬರುವುದಾದರೆ, ಹಿಂದಿನ ತಿಂಗಳ 10ರಿಂದ 15ರೊಳಗೆ ಕಾಗದ ಕೈ ಸೇರಲಿ. ತಿಂಗಳ ಕೊನೆಗೆ ಕೊಟ್ಟರೆ ಎಲ್ಲರೂ ಅವಸರದಲ್ಲಿರುತ್ತಾರೆ, ಪರಿಶೀಲಿಸುವ ತಾಳ್ಮೆ ಇರುವುದಿಲ್ಲ. ಹೊಸ ಅಕೌಂಟನ್ನು ಆ್ಯಪ್‌ನಲ್ಲಿ ಸೇರಿಸಿದ ಮೊದಲ ದಿನ ಹಲವು ಬ್ಯಾಂಕುಗಳು ದೊಡ್ಡ ಮೊತ್ತ ಕಳಿಸಲು ಬಿಡುವುದೂ ಇಲ್ಲ.

ನಿಮ್ಮ ವಿಷಯದಲ್ಲಿ ಸಹಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕಟ್ಟಡ ತಾಯಿಯದು. ಆದರೆ ಬಾಡಿಗೆದಾರರಿಗೆ ಇಷ್ಟು ವರ್ಷ ಗೊತ್ತಿದ್ದದ್ದು ತಂದೆಯ ಅಕೌಂಟು, ತಂದೆಯ ಮುಖ. ತಾಯಿ ಒಬ್ಬರೇ ಸಹಿ ಮಾಡಿದ ಕಾಗದ ಬಂದರೆ "ಕಾಕಾಗೆ ಗೊತ್ತದ ಇಲ್ಲೋ?" ಎಂಬ ಅನುಮಾನ ಸಹಜ. ಮನೆಯೊಳಗೆ ಏನಾದರೂ ಜಗಳವಿದೆಯೋ ಎಂದೂ ಅಂದುಕೊಳ್ಳುತ್ತಾರೆ. ಆದ್ದರಿಂದ ಮಾಲೀಕರಾಗಿ ತಾಯಿ ಸಹಿ ಮಾಡಲಿ, ಇಷ್ಟು ದಿನ ಹಣ ಪಡೆಯುತ್ತಿದ್ದವರಾಗಿ ತಂದೆಯೂ ಸಹಿ ಮಾಡಲಿ. ಕೊಡಲು ಹೋಗುವಾಗ ಅಪ್ಪಾಜಿಯೂ ಜೊತೆಗಿದ್ದರೆ ಇನ್ನೂ ಚಲೋ.

ನಾನಾಗಿದ್ದರೆ ನೋಟಿಸನ್ನು ಹೀಗೆ ಬರೆಯುತ್ತಿದ್ದೆ:

> ದಿನಾಂಕ: ________
>
> ಗೆ, ಶ್ರೀ/ಶ್ರೀಮತಿ ________, ಮನೆ/ಮಳಿಗೆ ಸಂಖ್ಯೆ ____
>
> ವಿಷಯ: ಬಾಡಿಗೆ ಕಟ್ಟುವ ಬ್ಯಾಂಕ್ ಖಾತೆಯ ಬದಲಾವಣೆ
>
> ________ ತಿಂಗಳ ಬಾಡಿಗೆಯಿಂದ ಮೊದಲ್ಗೊಂಡು ಬಾಡಿಗೆಯನ್ನು ಈ ಕೆಳಗಿನ ಖಾತೆಗೆ ಹಾಕಬೇಕೆಂದು ಕೋರುತ್ತೇವೆ. ಅದಕ್ಕಿಂತ ಹಿಂದಿನ ಬಾಕಿ ಇದ್ದರೆ ಅದನ್ನೂ ಇದೇ ಖಾತೆಗೆ ಹಾಕಿ.
>
> ಖಾತೆದಾರರ ಹೆಸರು (ಹಣ ಕಳಿಸುವಾಗ ಪರದೆಯ ಮೇಲೆ ಕಾಣುವಂತೆ): ________
> ಬ್ಯಾಂಕ್ ಮತ್ತು ಶಾಖೆ: ________
> ಖಾತೆ ಸಂಖ್ಯೆ: ________
> ಐಎಫ್‌ಎಸ್‌ಸಿ: ________
>
> ಬಾಡಿಗೆಯ ಮೊತ್ತ, ಕಟ್ಟುವ ದಿನ, ಡಿಪಾಜಿಟ್ ಮತ್ತು ಕರಾರಿನ ಉಳಿದ ಯಾವ ಷರತ್ತೂ ಬದಲಾಗಿಲ್ಲ.
>
> ಹಣ ಹಾಕುವ ಮೊದಲು, ನಿಮ್ಮ ಬಳಿ ಮೊದಲಿನಿಂದ ಇರುವ ನಮ್ಮ ನಂಬರಿಗೆ ಸಾದಾ ಕರೆ ಮಾಡಿ ಅಥವಾ ನಮ್ಮನ್ನು ಕಂಡು ಖಚಿತಪಡಿಸಿಕೊಳ್ಳಿ. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ನಾವು ಬಾಯಿಯಲ್ಲಿ ಹೇಳುತ್ತೇವೆ.
>
> ಈ ಖಾತೆಯನ್ನು ಫೋನ್, ಎಸ್‌ಎಂಎಸ್, ವಾಟ್ಸಾಪ್ ಅಥವಾ ಇಮೇಲ್ ಮೂಲಕ ನಾವು ಎಂದಿಗೂ ಬದಲಾಯಿಸುವುದಿಲ್ಲ, ತಿದ್ದುವುದೂ ಇಲ್ಲ. ಮುಂದೆ ಬದಲಾದರೆ ಇದೇ ರೀತಿ ಸಹಿ ಮಾಡಿದ ಕಾಗದವನ್ನು ಕೈಗೆ ಕೊಡುತ್ತೇವೆ. ಬೇರೆ ರೀತಿ ಬಂದ ಯಾವ ಸೂಚನೆಗೂ ಹಣ ಹಾಕಬೇಡಿ.
>
> ಖಚಿತಪಡಿಸಿಕೊಳ್ಳಲು ಹೋಗಿ ಬಾಡಿಗೆ ನಾಲ್ಕು ದಿನ ತಡವಾದರೆ ಅದನ್ನು ತಡವೆಂದು ಎಣಿಸುವುದಿಲ್ಲ.
>
> ಸಹಿ: ________ (ಮಾಲೀಕರು)  ಸಹಿ: ________ (ಇದುವರೆಗೆ ಬಾಡಿಗೆ ಪಡೆಯುತ್ತಿದ್ದವರು)
>
> ಈ ಪತ್ರದ ಒಂದು ಪ್ರತಿ ನನಗೆ ತಲುಪಿದೆ. ಬಾಡಿಗೆದಾರರ ಸಹಿ, ದಿನಾಂಕ: ________

ಕೊನೆಯ ವಾಕ್ಯ, ಅಂದರೆ ನಾಲ್ಕು ದಿನದ ಮಾತು, ಮಾಲೀಕರಿಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು. ಆದರೂ ಇರಲಿ. ಮೋಸಗಾರ ಕೆಲಸ ಮಾಡುವುದೇ ಅವಸರದ ಮೇಲೆ. "ಇವತ್ತೇ ಹಾಕಿ, ಇಲ್ಲದಿದ್ದರೆ ದಂಡ" ಎನ್ನುತ್ತಾನೆ. ತಡವಾದರೂ ಪರವಾಗಿಲ್ಲ ಎಂದು ಮಾಲೀಕರ ಸಹಿಯೇ ಹೇಳುತ್ತಿದ್ದರೆ ಆ ಬೆದರಿಕೆಗೆ ಬಲವಿಲ್ಲ.

ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿಯನ್ನು ಪಾಸ್‌ಬುಕ್ ಎದುರಿಗಿಟ್ಟುಕೊಂಡು ಇಬ್ಬರು ಓದಿ ಹೊಂದಿಸಿ ನೋಡಿ. ಐಎಫ್‌ಎಸ್‌ಸಿಯಲ್ಲಿ ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಹೊಡೆಯುವವರು ಬಹಳ. ನಿಮ್ಮ ಕಾಗದದಲ್ಲೇ ತಪ್ಪಿದ್ದರೆ ನೀವೇ "ತಿದ್ದುಪಡಿ" ಕಳಿಸಬೇಕಾಗುತ್ತದೆ. ಆಗ "ತಿದ್ದುವುದಿಲ್ಲ" ಎಂದು ಬರೆದ ಮಾತು ಅಲ್ಲೇ ಸುಳ್ಳಾಗುತ್ತದೆ.

ಈಗ ಬಾಡಿಗೆದಾರರ ಕಡೆಯಿಂದ. ಕಾಗದ ಸಿಕ್ಕ ಮೇಲೆ ಅವರು ಪರದೆಯ ಮೇಲಿನ ಹೆಸರನ್ನು ನೋಡಬೇಕು. ಮೊದಲೆಲ್ಲ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವಾಗ ನಾವು ಬರೆದ ಹೆಸರಿಗೆ ಬೆಲೆಯೇ ಇರಲಿಲ್ಲ. ಖಾತೆ ಸಂಖ್ಯೆ ಒಂದನ್ನೇ ನೋಡಿ ಹಣ ಜಮಾ ಆಗುತ್ತಿತ್ತು. ಹೆಸರು ಒಂದು, ನಂಬರ್ ಇನ್ನೊಬ್ಬರದು ಇದ್ದರೂ ಹಣ ನಂಬರಿನವರಿಗೆ ಹೋಗುತ್ತಿತ್ತು. ಈ ಕೊರತೆ ತುಂಬಲು ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿತು. 2025ರ ಏಪ್ರಿಲ್ 1ರೊಳಗೆ, ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು ಬ್ಯಾಂಕುಗಳು ಉಚಿತವಾಗಿ ಕೊಡಬೇಕು ಎಂದಿತು. ಆ್ಯಪ್ ಬಳಸದವರು ಶಾಖೆಗೆ ಹೋಗಿಯೂ ಕೇಳಬಹುದು. ಯುಪಿಐನಲ್ಲೂ ಈಗ ಫೋನಿನಲ್ಲಿ ಸೇವ್ ಮಾಡಿದ ಹೆಸರನ್ನಲ್ಲ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂಬ ನಿಯಮ ಇದೆ.

ಆ ಹೆಸರು ನೋಟಿಸಿನಲ್ಲಿರುವ ಹೆಸರಿಗೆ ಪೂರ್ತಿ ಹೊಂದಬೇಕು. ಅಡ್ಡಹೆಸರು ಒಂದೇ ಆದರೆ ಸಾಲದು. ಹಿರೇಮಠ, ಪಾಟೀಲ, ಕುಲಕರ್ಣಿ ಎಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಓಣಿಗೊಂದು ಮನೆ ಸಿಗುತ್ತದೆ. ಬ್ಯಾಂಕಿನಲ್ಲಿ ನಿಮ್ಮ ತಾಯಿಯ ಹೆಸರು ಇನಿಷಿಯಲ್ ಹಿಂದೆಮುಂದಾಗಿ ಅಥವಾ ತವರಿನ ಅಡ್ಡಹೆಸರಿನಲ್ಲಿ ಇರಬಹುದು. ನೀವೇ ಒಮ್ಮೆ ಸ್ವಲ್ಪ ಹಣ ಕಳಿಸಿ ನೋಡಿ, ಪರದೆಯಲ್ಲಿ ಕಂಡದ್ದನ್ನೇ ನೋಟಿಸಿನಲ್ಲಿ ಬರೆಯಿರಿ. ನೋಟಿಸಿನ ಮಾದರಿಯಲ್ಲಿ ಅದಕ್ಕೇ ಹಾಗೆ ಬರೆದಿದ್ದೇನೆ.

ಹೆಸರು ಹೊಂದಿದರೆ ಮುಗಿಯಿತೇ? ಇಲ್ಲ. ಅದೇ ಹೆಸರಿನ ಬೇರೆಯವರ ಅಕೌಂಟೂ ಆಗಿರಬಹುದು. ಅದಕ್ಕೆ ಸಣ್ಣ ಮೊತ್ತದ ಪರೀಕ್ಷೆ ಬೇಕು. ಬಾಡಿಗೆದಾರರು ತಮಗೆ ತೋಚಿದ ಒಂದು ಮೊತ್ತ, 13 ರೂಪಾಯಿಯೋ 27 ರೂಪಾಯಿಯೋ, ಹಾಕಲಿ. ಎಷ್ಟು ಹಾಕಿದೆ ಎಂದು ಹೇಳಬಾರದು. ಹಳೆಯ ನಂಬರಿಗೆ ಫೋನ್ ಮಾಡಿ "ಎಷ್ಟು ಬಂತ್ರಿ?" ಎಂದು ಕೇಳಬೇಕು. ನೀವು ಖಾತೆ ನೋಡಿ "13" ಎಂದರೆ, ಆ ದನಿಯ ಮನುಷ್ಯರ ಕೈಯಲ್ಲೇ ಆ ಅಕೌಂಟ್ ಇದೆ ಎಂದು ತಿಳಿಯಿತು. ಎಲ್ಲರೂ ಒಂದೊಂದು ರೂಪಾಯಿಯನ್ನೇ ಹಾಕಿದರೆ ಇದು ನಡೆಯುವುದಿಲ್ಲ. ಮೋಸಗಾರನೂ "ಒಂದು ರೂಪಾಯಿ" ಎಂದು ಊಹಿಸಿ ಹೇಳುತ್ತಾನೆ. ಆ ಮೊತ್ತವನ್ನು ಬಾಡಿಗೆಯಲ್ಲಿ ಕಳೆದುಕೊಂಡರಾಯಿತು.

ವಿದ್ಯಾನಗರ ಎಂದಿರಿ. ನಿಮ್ಮ ಮನೆಗಳಲ್ಲಿ ಕಾಲೇಜು ಹುಡುಗರಿದ್ದರೆ ಇನ್ನೊಂದು ತೊಡಕು ಬರುತ್ತದೆ. ಕಾಗದ ಪಡೆಯುವವನು ಇಲ್ಲಿರುವ ಹುಡುಗ. ಹಣ ಹಾಕುವವರು ರಾಣೆಬೆನ್ನೂರಿನಲ್ಲೋ ಗದಗಿನಲ್ಲೋ ಇರುವ ತಂದೆ. ಹುಡುಗ ಕಾಗದದ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾನೆ. ಅಲ್ಲಿಗೆ ನೀವು ಕೈಯಾರೆ ಕೊಟ್ಟಿದ್ದು ಮತ್ತೆ ಫಾರ್ವರ್ಡ್ ಮೆಸೇಜೇ ಆಯಿತು. ಆ ತಂದೆಗೆ ನಿಮ್ಮ ದನಿಯೂ ಗೊತ್ತಿರಲಿಕ್ಕಿಲ್ಲ. ಇಂಥವರಿಗೆ ಒಂದು ಉಪಾಯ ಇದೆ. ಅವರು ಇಷ್ಟು ದಿನ ಹಣ ಹಾಕುತ್ತಿದ್ದ ಅಪ್ಪಾಜಿಯ ಹಳೆ ಅಕೌಂಟಿನಿಂದಲೇ ಅವರ ಖಾತೆಗೆ ಒಂದು ರೂಪಾಯಿ ವಾಪಸ್ ಕಳಿಸಿ. ಷರಾ ಬರೆಯುವ ಜಾಗದಲ್ಲಿ ಹೊಸ ಖಾತೆಯ ಕೊನೆಯ ನಾಲ್ಕು ಅಂಕಿ ಬರೆಯಿರಿ. ಅವರ ಸ್ಟೇಟ್‌ಮೆಂಟಿನಲ್ಲಿ ಪರಿಚಯದ ಖಾತೆಯಿಂದಲೇ ಖಾತ್ರಿ ಬಂದಂತಾಗುತ್ತದೆ. ಮಗನೂ ಆ ಅಂಕಿಗಳನ್ನು ಕಾಗದ ನೋಡಿ ಓದಿ ಹೇಳಲಿ.

ಬ್ಯಾಂಕ್ ವಿಲೀನದ ನೆಪದ ಬಗ್ಗೆಯೂ ಒಂದು ಮಾತು. ನಮ್ಮ ಭಾಗದವರು ಇದನ್ನು ಬೇಗ ನಂಬುತ್ತಾರೆ, ಯಾಕೆಂದರೆ ನಿಜಕ್ಕೂ ಆಗಿದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು, ಮರುವರ್ಷ ಅದರ ಹಳೆ ಐಎಫ್‌ಎಸ್‌ಸಿಗಳು ನಿಂತವು. ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಬ್ಯಾಂಕುಗಳು ಸೇರಿದಾಗ ಐಎಫ್‌ಎಸ್‌ಸಿ ಬದಲಾಗಬಹುದು. ಆದರೆ ಖಾತೆದಾರರ ಹೆಸರು ಬದಲಾಗುವುದಿಲ್ಲ. "ಬ್ಯಾಂಕ್ ಮರ್ಜ್ ಆಗೇದ, ಅದಕ್ಕ ಈ ಹೊಸ ಹೆಸರಿಗೆ ಹಾಕ್ರಿ" ಎಂದರೆ ಅದು ಸುಳ್ಳು.

ಇಷ್ಟೆಲ್ಲ ಮಾಡಿಯೂ ಒಬ್ಬರು ಮೋಸ ಹೋದರೆ? ಬಾಡಿಗೆದಾರರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಮ್ಮ ಬ್ಯಾಂಕಿಗೂ ತಿಳಿಸಬೇಕು. ಹಣ ಹೋದ ಸಮಯ ಮತ್ತು ವ್ಯವಹಾರದ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಆಮೇಲೆ cybercrime.gov.in ನಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದೆ ಸಾಗಿದ್ದರೆ ಕಷ್ಟ. ಟೇಲರ್ ಪ್ರಕರಣದಲ್ಲಿ ಆದಂತೆ ವಾರ ಕಳೆದರೆ ಆಸೆ ಬಹಳ ಕಡಿಮೆ. ಹಣ ಕಳಿಸಿದ ದಿನವೇ ಮಾಲೀಕರಿಗೆ ಫೋನ್ ಮಾಡಿ "ಬಂತೇನ್ರಿ?" ಎಂದು ಕೇಳುವ ರೂಢಿ ಇದ್ದಿದ್ದರೆ ಅವರಿಗೆ ಅಂದೇ ಗೊತ್ತಾಗುತ್ತಿತ್ತು.

ನಷ್ಟ ಯಾರದು ಎಂಬ ಜಗಳವೂ ಬರುತ್ತದೆ. ಬ್ಯಾಂಕನ್ನು ದೂರಿ ಪ್ರಯೋಜನ ಕಡಿಮೆ. ಬಾಡಿಗೆದಾರರೇ ಪಿನ್ ಒತ್ತಿ ಕಳಿಸಿದ ಹಣ ಅದು. ಮಾಲೀಕರಿಗಾಗಲಿ ಅವರು ಹೇಳಿದವರಿಗಾಗಲಿ ಮುಟ್ಟದ ಹಣ ಸಾಮಾನ್ಯವಾಗಿ ಬಾಡಿಗೆ ಕೊಟ್ಟಂತೆ ಆಗುವುದಿಲ್ಲ. ಆದರೆ ಮೆಸೇಜ್ ನಿಮ್ಮದೇ ವಾಟ್ಸಾಪ್ ನಂಬರಿನಿಂದ ಹೋಗಿದ್ದರೆ, ನೀವು ಮೊದಲೂ ಹೀಗೆ ಮೆಸೇಜಿನಲ್ಲೇ ಅಕೌಂಟ್ ಬದಲಿಸಿದ್ದರೆ, ಬಾಡಿಗೆದಾರರ ವಾದಕ್ಕೂ ಬಲ ಬರುತ್ತದೆ. "ಮೆಸೇಜಿನಲ್ಲಿ ಬದಲಾಯಿಸುವುದಿಲ್ಲ" ಎಂಬ ಕಾಗದಕ್ಕೆ ಇಬ್ಬರ ಸಹಿಯೂ ಇದ್ದರೆ ಇಬ್ಬರಿಗೂ ನಿಂತ ನೆಲ ಗೊತ್ತಿರುತ್ತದೆ. ಮುಂದಿನ ಕರಾರು ನವೀಕರಿಸುವಾಗ ಖಾತೆ ಸಂಖ್ಯೆಯನ್ನೂ ಈ ಷರತ್ತನ್ನೂ ಅದರಲ್ಲೇ ಸೇರಿಸಿ.

ನಿಮ್ಮ ಆಡಿಟರ್ ಹೇಳಿದ್ದು ಇನ್ನೊಂದು ಕಾರಣಕ್ಕೂ ಸರಿ. ಸಂಬಳದವರು ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಕೇಳುವಾಗ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಕರಾರು, ರಸೀದಿ, ಪ್ಯಾನ್, ಹಣ ಹೋದ ಖಾತೆ ಎಲ್ಲವೂ ನಿಮ್ಮ ತಾಯಿಯ ಹೆಸರಿನಲ್ಲೇ ಇದ್ದರೆ ಅವರಿಗೂ ಪ್ರಶ್ನೆ ಬರುವುದಿಲ್ಲ.

ಹಳೆ ಅಕೌಂಟನ್ನು ಕೂಡಲೇ ಮುಚ್ಚಬೇಡಿ. ಯಾರಾದರೂ ಬ್ಯಾಂಕಿನಲ್ಲಿ ತಿಂಗಳು ತಿಂಗಳು ತಾನಾಗಿ ಹೋಗುವಂತೆ ಸೂಚನೆ ಕೊಟ್ಟಿದ್ದರೆ, ಅವರು ರದ್ದು ಮಾಡುವವರೆಗೂ ಹಣ ಅಲ್ಲಿಗೇ ಬರುತ್ತದೆ. ಕಾಗದ ಕೊಡುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಎರಡು ಮೂರು ತಿಂಗಳು ಎರಡೂ ಖಾತೆ ನೋಡುತ್ತಿರಿ. ಹಳೆಯದಕ್ಕೆ ಬಂದದ್ದನ್ನೂ ಬಾಡಿಗೆ ಬಂದಂತೆಯೇ ಲೆಕ್ಕ ಹಿಡಿದು ರಸೀದಿ ಕೊಡಿ. "ಮತ್ತೊಮ್ಮೆ ಹೊಸದಕ್ಕೆ ಹಾಕಿ, ಇದನ್ನು ವಾಪಸ್ ಮಾಡುತ್ತೇವೆ" ಎಂದು ಮಾತ್ರ ಹೇಳಬೇಡಿ. ಮೋಸಗಾರರು ಹೇಳುವುದೂ ಅದನ್ನೇ. ಹಳೆ ಖಾತೆಯಿಂದ ಹೊಸ ಖಾತೆಗೆ ಆ ಹಣವನ್ನು ನೀವೇ ವರ್ಗಾಯಿಸಿಕೊಳ್ಳಿ.